ತಂಗಳನ್ನ: ನೀರು ಹಾಕಿದ್ದು ಎಷ್ಟು ಗಂಟೆಗೆ?

ಬೇಸಿಗೆ ಶುರುವಾದರೆ ಸಾಕು, ಮೊಬೈಲ್ ತುಂಬ ತಂಗಳನ್ನದ ರೀಲ್ಸ್, ಅಂದರೆ ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು ಬೆಳಗ್ಗೆ ತಿನ್ನುವುದರದ್ದು. ಮಣ್ಣಿನ ಮಡಕೆ, ಮೇಲೆ ಹೆಚ್ಚಿದ ಈರುಳ್ಳಿ, ಪಕ್ಕದಲ್ಲಿ ಹಸಿ ಮೆಣಸಿನಕಾಯಿ, ಹಿಂದೆ ಒಂದು ಕೊಳಲಿನ ಟ್ಯೂನು. ಬೆಂಗಳೂರಿನಲ್ಲಿ ಮಡಕೆಯಲ್ಲೇ ಪಳಂಕಂಜಿ ಕೊಡುವ ಕೇರಳದ ಹೋಟೆಲುಗಳಿವೆ. ಮಾರ್ಚ್ 20 ಬಂದರೆ ಒಡಿಶಾದವರು ಪಖಾಳ ದಿನ ಅಂತ ಫೋಟೊ ಹಾಕುತ್ತಾರೆ. ತಮಿಳರಿಗೆ ಪಳೈಯ ಸೋರು, ತೆಲುಗರಿಗೆ ಚದ್ದನ್ನ, ಬಂಗಾಳಿಗಳಿಗೆ ಪಾಂತಾ ಭಾತ್. ನಮ್ಮ ಹಳೇ ಮೈಸೂರಿನ ಕಡೆ ತಂಗಳನ್ನ, ತಂಗಳು ಮುದ್ದೆ ಎರಡೂ ಮಜ್ಜಿಗೆ ಜೊತೆ ಹೊಲಕ್ಕೆ ಹೋಗುತ್ತಿದ್ದವು. ಯಾರೂ ಅದನ್ನು ಔಷಧಿ ಅಂತ ತಿನ್ನಲಿಲ್ಲ. ಉಳಿದಿತ್ತು, ತಿಂದರು.

ಈಗ ಅದು ಔಷಧಿಯಾಗಿದೆ. ಹೊಟ್ಟೆಗೆ ಒಳ್ಳೇದು, ರಕ್ತ ಹೆಚ್ಚುತ್ತೆ, ಶುಗರ್ ಇಳಿಯುತ್ತೆ ಅಂತೆಲ್ಲ ಫಾರ್ವರ್ಡ್‌ಗಳು ಬರುತ್ತವೆ. ಅದನ್ನು ಓದಿ ತಿನ್ನೋಕೆ ಶುರು ಮಾಡುವವರು ಹೆಚ್ಚಾಗಿ ಆರೋಗ್ಯ ಕೆಟ್ಟವರೇ ಅನ್ನೋದು ಇಲ್ಲಿನ ತೊಂದರೆ. ಗರ್ಭಿಣಿ, ಶುಗರ್ ಇರುವ ಮಾವ, ಕೀಮೋ ಮುಗಿಸಿ ಮನೆಗೆ ಬಂದ ಅಕ್ಕ. ತಂಗಳನ್ನ ತಿನ್ನುವ ಮೊದಲು ಯಾರು ಯೋಚಿಸಬೇಕು ಅಂತ ಕೇಳಿದರೆ ಮೊದಲ ಸಾಲಿನಲ್ಲಿ ನಿಲ್ಲುವವರು ಇವರೇ. ಯಾಕೆ ಅಂತ ತಿಳಿಯಬೇಕಾದರೆ ಆ ಪಾತ್ರೆಯಲ್ಲಿ ರಾತ್ರಿ ಏನಾಗುತ್ತೆ ಅಂತ ಸ್ವಲ್ಪ ನೋಡಬೇಕು.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ. ಮಣ್ಣಿನಿಂದ ಬಂದದ್ದು, ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ. ಕುದಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತೆ, ಆದರೆ ಅದರ ಬೀಜಾಣುಗಳು ಗಟ್ಟಿ ಚಿಪ್ಪಿನೊಳಗೆ ಕೂತು ಬದುಕಿಬಿಡುತ್ತವೆ. ಅನ್ನ ಆರುತ್ತಾ ಬೆಚ್ಚಗಿನ ಹಂತಕ್ಕೆ ಬಂದಾಗ ಅವು ಮೊಳೆಯುತ್ತವೆ. ಮೊಳೆತು, ಹೆಚ್ಚಾಗಿ, ಕೆಲವು ತಳಿಗಳು ಸೆರ್ಯುಲೈಡ್ ಅನ್ನುವ ವಿಷ ಬಿಡುತ್ತವೆ. ಈ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಒಮ್ಮೆ ಅನ್ನದಲ್ಲಿ ಸೇರಿತು ಅಂದರೆ ಮತ್ತೆ ಕುದಿಸಿದರೂ ಹೋಗಲ್ಲ, ಪ್ರೆಷರ್ ಕುಕ್ಕರ್‌ನ ಬಿಸಿಗೂ ಬಗ್ಗಲ್ಲ. ಮಧ್ಯಾಹ್ನದಿಂದ ಹೊರಗಿದ್ದ ಅನ್ನಕ್ಕೆ ಮರುದಿನ ಬೆಳಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೆ "ಬಿಸಿ ಮಾಡಿದೀವಲ್ಲ" ಅನ್ನೋ ಸಮಾಧಾನಕ್ಕೆ ಅರ್ಥ ಇಲ್ಲ. ಬಾಣಲೆಯಲ್ಲಿ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಅಲ್ಲೇ ಇರುತ್ತೆ.

ಹಾಗಾದರೆ ತಲೆಮಾರುಗಳಿಂದ ತಂಗಳನ್ನ ತಿಂದವರಿಗೆ ಏನೂ ಆಗಲಿಲ್ಲ ಯಾಕೆ? ಅದೇ ಪಾತ್ರೆಯಲ್ಲಿ ಇನ್ನೊಂದು ಗುಂಪೂ ಇರುತ್ತೆ, ಅದಕ್ಕೆ. ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ, ಅಂದರೆ ಮೊಸರು ಹೆಪ್ಪಾಗಿಸುವ, ದೋಸೆ ಹಿಟ್ಟು ಹುಳಿ ಬರಿಸುವ ಜಾತಿಯವು. ಇವು ಅನ್ನದ ಪಿಷ್ಟದಿಂದ ಬಿಡುಗಡೆಯಾಗುವ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ. ಹೊಸದಾಗಿ ಬೇಯಿಸಿದ ಅನ್ನದಲ್ಲಿ ಹುಳಿ ಅನ್ನೋದೇ ಇರಲ್ಲ, ಅದರ ಪಿಎಚ್ 6ರಿಂದ 7ರ ಹತ್ತಿರ. ಚೆನ್ನಾಗಿ ಹುಳಿ ಬಂದ ತಂಗಳನ್ನದಲ್ಲಿ ಅದು 4ರ ಆಸುಪಾಸಿಗೆ ಇಳಿದಿರುತ್ತೆ. ಪಿಎಚ್ 5ರ ಕೆಳಗೆ ಇಳಿದಂತೆ ಬ್ಯಾಸಿಲಸ್ ಕುಂಟೋಕೆ ಶುರು ಮಾಡುತ್ತೆ, 4.6ರ ಕೆಳಗೆ ಅದರ ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತೆ. ಮೆಜೆಸ್ಟಿಕ್‌ನಲ್ಲಿ ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಕರ್ಚೀಫ್ ಹಾಕುತ್ತಾರಲ್ಲ, ಹಾಗೆ, ಯಾರು ಮೊದಲು ಜಾಗ ಹಿಡಿದರು ಅನ್ನೋದೇ ಇಲ್ಲಿ ಎಲ್ಲ. ಹುಳಿ ಮಾಡುವವು ಮೊದಲು ಕೂತರೆ ಊಟ. ಬ್ಯಾಸಿಲಸ್ ಮೊದಲು ಕೂತು ವಿಷ ಬಿಟ್ಟಿದ್ದರೆ, ಆಮೇಲೆ ಎಷ್ಟೇ ಹುಳಿ ಬಂದರೂ ಆ ವಿಷ ಅಳಿಯಲ್ಲ.

ಈಗ ಒಂದು ಮನೆ ಅಂದುಕೊಳ್ಳಿ. ಲಗ್ಗೆರೆಯಲ್ಲೋ ಬೊಮ್ಮನಹಳ್ಳಿಯಲ್ಲೋ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ಭಾನುವಾರ ಮಧ್ಯಾಹ್ನ 1 ಗಂಟೆಗೆ ಕುಕ್ಕರ್‌ನಲ್ಲಿ ಅನ್ನ ಆಯಿತು. ಊಟ ಮಾಡಿ ಮುಚ್ಚಳ ಮುಚ್ಚಿಟ್ಟರು. ಮುಚ್ಚಿದ ಕುಕ್ಕರ್ ನಿಧಾನಕ್ಕೆ ಆರುತ್ತೆ, ಅಂದರೆ ಬ್ಯಾಸಿಲಸ್‌ಗೆ ತುಂಬ ಹಿಡಿಸುವ 30ರಿಂದ 40 ಡಿಗ್ರಿಯಲ್ಲಿ ಅನ್ನ ಗಂಟೆಗಟ್ಟಲೆ ಕೂತಿರುತ್ತೆ. ರಾತ್ರಿ ಹೊರಗೆ ಊಟ. 10:30ಕ್ಕೆ ಮನೆಗೆ ಬಂದು, ಅನ್ನ ಹಾಳಾಗುತ್ತಲ್ಲ ಅಂತ ನೀರು ಸುರಿದರು. ನೀರು ಬೀಳುವ ಮೊದಲು ಒಂಬತ್ತೂವರೆ ಗಂಟೆ ಕಳೆದುಹೋಗಿದೆ. ಲೆಕ್ಕಕ್ಕೆ, ಒಂದು ಗ್ರಾಂ ಅನ್ನದಲ್ಲಿ ಬರೀ 10 ಬೀಜಾಣು ಉಳಿದಿದ್ದವು, ಎದ್ದು ಸಜ್ಜಾಗೋಕೆ ಎರಡು ಗಂಟೆ ತಗೊಂಡವು, ಆಮೇಲೆ ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾದವು ಅಂತ ಇಟ್ಟುಕೊಳ್ಳಿ. ಉಳಿದ ಏಳೂವರೆ ಗಂಟೆಯಲ್ಲಿ ಹದಿನೈದು ಸಲ ದುಪ್ಪಟ್ಟು. 10 ಇದ್ದದ್ದು 3 ಲಕ್ಷ ದಾಟುತ್ತೆ. ಗ್ರಾಂಗೆ 1 ಲಕ್ಷ ದಾಟಿದರೆ ಅಪಾಯ ಅಂತ ಲೆಕ್ಕ. ಬೆಳಗ್ಗೆ 8ಕ್ಕೆ ಆ ಅನ್ನ ನೋಡೋಕೆ, ಮೂಸೋಕೆ ಸರಿಯಾದ ತಂಗಳನ್ನದ ಹಾಗೇ ಇರಬಹುದು. ರಾತ್ರಿಯಿಡೀ ಹುಳಿಯೂ ಬಂದಿರಬಹುದು. ಆದರೆ ಅದು ತಡವಾಗಿ ಬಂದ ಹುಳಿ.

ಅದೇ ಮನೆಯಲ್ಲಿ ರಾತ್ರಿ 8ಕ್ಕೆ ಅನ್ನ ಮಾಡಿ, ಉಳಿದದ್ದನ್ನು ಅಗಲ ತಟ್ಟೆಗೆ ಹರಡಿ, 9:30ರೊಳಗೆ ಆರಿದ ಅನ್ನಕ್ಕೆ ನೀರು ಹಾಕಿದ್ದರೆ ಬ್ಯಾಸಿಲಸ್ ಎದ್ದು ಮೈ ಮುರಿಯುವಷ್ಟರಲ್ಲೇ ಎದುರಾಳಿಗಳ ಕೆಲಸ ಶುರುವಾಗಿರುತ್ತಿತ್ತು. ಹಳೆಯವರು ಮಾಡುತ್ತಿದ್ದದ್ದು ಇದನ್ನೇ. ರಾತ್ರಿ ಅಡುಗೆ, ಊಟ ಆದ ಕೂಡಲೇ ನೀರು, ಬೆಳಗ್ಗೆ ಊಟ. ಅವರು ಮಧ್ಯಾಹ್ನದ ಅನ್ನವನ್ನು ಹಾಟ್‌ಬಾಕ್ಸ್‌ನಲ್ಲಿ ರಾತ್ರಿವರೆಗೆ ಬೆಚ್ಚಗಿಡುತ್ತಿರಲಿಲ್ಲ, ಹಾಟ್‌ಬಾಕ್ಸ್ ಇರಲೇ ಇಲ್ಲ. ನಾವು ಅಭ್ಯಾಸದ ಕೊನೇ ಹೆಜ್ಜೆ ಮಾತ್ರ ಇಟ್ಟುಕೊಂಡು ಮೊದಲ ಹೆಜ್ಜೆ ಬಿಟ್ಟಿದ್ದೀವಿ.

ಬೆಂಗಳೂರಿಗೆ ಇನ್ನೊಂದು ತಕರಾರು ಇದೆ, ಅದು ನಮ್ಮ ತಂಪು. ಪಖಾಳ ಹುಟ್ಟಿದ್ದು ರಾತ್ರಿಯಲ್ಲೂ ಬೆವರುವ ಊರುಗಳಲ್ಲಿ. ಅಲ್ಲಿ ಎಂಟು ಹತ್ತು ಗಂಟೆಯಲ್ಲಿ ಚೆನ್ನಾಗಿ ಹುಳಿ ಬರುತ್ತೆ. ಇಲ್ಲಿ ಏಪ್ರಿಲ್ ರಾತ್ರಿ 22 ಡಿಗ್ರಿ ಹತ್ತಿರ ಇದ್ದರೆ ಪರವಾಗಿಲ್ಲ, ಆದರೆ ಡಿಸೆಂಬರ್ ಜನವರಿಯಲ್ಲಿ ಅದು 16ರ ಸುತ್ತ ಇಳಿಯುತ್ತೆ. ದೋಸೆ ಹಿಟ್ಟು ಚಳಿಯಲ್ಲಿ ಉಬ್ಬದೆ ಸತಾಯಿಸುತ್ತಲ್ಲ, ಅದೇ ಕಾರಣ. ಬೆಳಗ್ಗೆ ಅನ್ನ ಹುಳಿಯೇ ಬಂದಿಲ್ಲ ಅಂದರೆ "ಓ, ಕೆಟ್ಟಿಲ್ಲ, ಚೆನ್ನಾಗಿದೆ" ಅಂತ ಜನ ತಿನ್ನುತ್ತಾರೆ. ಇದು ತಲೆಕೆಳಗಾದ ಲೆಕ್ಕ. ರಾತ್ರಿಯೆಲ್ಲ ಹೊರಗಿದ್ದೂ ಹುಳಿ ಬರದ ಅನ್ನವನ್ನೇ ಜಾಸ್ತಿ ಅನುಮಾನಿಸಬೇಕು, ಯಾಕೆಂದರೆ ಅದನ್ನು ಕಾಯಬೇಕಾದ ಹುಳಿ ಬಂದೇ ಇಲ್ಲ. ಫ್ರಿಜ್‌ನಲ್ಲಿ ನೀರು ಹಾಕಿ ಇಟ್ಟದ್ದು ಬೇರೆ ಮಾತು. ಅನ್ನ ಆರಿದ ಕೂಡಲೇ ಇಟ್ಟಿದ್ದರೆ ಅದು ಬೇಗ ಕೆಡಲ್ಲ, ಆದರೆ ಅದು ತಂಗಳನ್ನವೂ ಅಲ್ಲ, ಸುಮ್ನೆ ನೀರಲ್ಲಿ ನೆನೆದ ತಣ್ಣನೆ ಅನ್ನ. ಅದರಲ್ಲಿ ಪ್ರೋಬಯಾಟಿಕ್ ಹುಡುಕಬೇಡಿ.

ಮಾಡುವುದಾದರೆ ಹೀಗೆ ಮಾಡಿ. ರಾತ್ರಿಯ ಅನ್ನವನ್ನೇ ಬಳಸಿ. ಒಂದು ಗಂಟೆಯೊಳಗೆ ಆರುವ ಹಾಗೆ ಹರಡಿ. ಸಾರು, ಹುಳಿ, ಪಲ್ಯ ಬೆರೆತ ಅನ್ನ ಬೇಡ, ಎಂಜಲು ಕೈ ತಾಗಿದ್ದಂತೂ ಬೇಡವೇ ಬೇಡ. ಮಣ್ಣಿನ, ಸ್ಟೀಲಿನ ಇಲ್ಲಾ ಗಾಜಿನ ಪಾತ್ರೆಗೆ ಹಾಕಿ, ಅನ್ನದ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು ಹಾಕಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಆ ಲೋಹ ಕರಗಿ ಅನ್ನಕ್ಕೆ ಸೇರುತ್ತೆ. ನೀರು ಕುದಿಸಿ ಆರಿಸಿದ್ದೇ ಆಗಬೇಕು. ಇದನ್ನು ಒತ್ತಿ ಹೇಳ್ತೀನಿ, ಯಾಕೆಂದರೆ ಇದು ಮುಂದೆ ಎಲ್ಲೂ ಕುದಿಯದೆ ನೇರ ಹೊಟ್ಟೆಗೆ ಹೋಗುವ ನೀರು. ಬೋರ್‌ವೆಲ್, ಟ್ಯಾಂಕರ್, ತೊಳೆದು ವರ್ಷವಾದ ಸಂಪ್, ಇವುಗಳ ನಡುವೆ ಬದುಕುವ ಊರು ನಮ್ಮದು, 2024ರ ಏಪ್ರಿಲ್‌ನಲ್ಲಿ ಕಾಲರಾ ಸುದ್ದಿಯೂ ಬಂದಿತ್ತು. ಹುಳಿ ಇಲ್ಲದ ತಂಗಳು ಅನ್ನ ಕಾಲರಾ ಬ್ಯಾಕ್ಟೀರಿಯಾ ಬೆಳೆಯೋಕೆ ಹೇಳಿ ಮಾಡಿಸಿದ ಜಾಗ. ಕಾವೇರಿ ನಲ್ಲಿ ನೀರಾದರೂ ಕುದಿಸಿ, ಕ್ಲೋರಿನ್ ಹೋದರೆ ಹುಳಿ ಮಾಡುವ ಬ್ಯಾಕ್ಟೀರಿಯಾಗಳಿಗೂ ಒಳ್ಳೇದು.

ಇಲ್ಲಿನ ತಂಪಿಗೆ ನನ್ನ ಉಪಾಯ ಒಂದೇ, ಹೆಪ್ಪು. ನೀರು ಹಾಕುವಾಗಲೇ ಎರಡು ಮೂರು ಚಮಚ ಹುಳಿ ಮಜ್ಜಿಗೆ ಬೆರೆಸಿ. ಅಥವಾ ಹಿಂದಿನ ದಿನ ಸರಿಯಾಗಿ ಹುಳಿ ಬಂದಿದ್ದ ತಂಗಳಿನ ತಿಳಿ ಇದ್ದರೆ ಅದನ್ನೇ ಹಾಕಿ. ಹಳೇ ಮಡಕೆಯ ಗುಟ್ಟೂ ಇದೇ. ಅದರ ರಂಧ್ರಗಳಲ್ಲಿ ಹಿಂದಿನ ದಿನದ ಬ್ಯಾಕ್ಟೀರಿಯಾ ಉಳಿದಿರುತ್ತೆ. ಹಾಗಂತ ಮಡಕೆಗೆ ಪವಾಡ ಶಕ್ತಿ ಇಲ್ಲ, ತೊಳೆದು ಬಿಸಿಲಿಗೆ ಒಣಗಿಸದ ಮಡಕೆಯಲ್ಲಿ ಬೂಷ್ಟೂ ಅಷ್ಟೇ ಸುಖವಾಗಿ ಉಳಿಯುತ್ತೆ. ಉಪ್ಪು, ಈರುಳ್ಳಿ, ಮೆಣಸಿನಕಾಯಿ ಬೆಳಗ್ಗೆ ತಿನ್ನುವಾಗ ಹಾಕಿಕೊಳ್ಳಿ.

ಬೆಳಗ್ಗೆ ನೀರು ಮೇಲಿನಿಂದ ನೋಡಿದರೆ ತೆಳು ಮಜ್ಜಿಗೆಯ ಹಾಗೆ ಮಬ್ಬಾಗಿರಬೇಕು, ಒಂದೆರಡು ಗುಳ್ಳೆ ಇದ್ದರೆ ಸರಿ, ವಾಸನೆ ಹಿತವಾದ ಹುಳಿ ಇರಬೇಕು. ಅಗುಳು ಎತ್ತಿದಾಗ ನೂಲಿನ ಹಾಗೆ ಎಳೆ ಬಂದರೆ, ಲೋಳೆಯಾಗಿದ್ದರೆ, ಗುಲಾಬಿ, ಕಿತ್ತಳೆ ಅಥವಾ ಕಪ್ಪು ಚುಕ್ಕಿ ಕಂಡರೆ ಎಲ್ಲವನ್ನೂ ಚೆಲ್ಲಿ, ಮೇಲಿನದು ತೆಗೆದು ಕೆಳಗಿನದು ತಿನ್ನುವ ಜಾಣತನ ಬೇಡ. ನಿಜವಾಗಲೂ ದಿನಾ ತಿನ್ನುವವರಾದರೆ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಪಿಎಚ್ ಪೇಪರ್ ಸಿಗುತ್ತೆ, ಒಂದು ಕಟ್ಟು ತಂದಿಟ್ಟುಕೊಂಡು ನೀರಿಗೆ ಅದ್ದಿ ನೋಡಿ, 4.6ಕ್ಕಿಂತ ಕೆಳಗಿದ್ದರೆ ಹುಳಿ ತನ್ನ ಕೆಲಸ ಮಾಡಿದೆ ಅಂತ. ಅದೂ ಹುಳಿಯನ್ನು ಮಾತ್ರ ಹೇಳುತ್ತೆ, ಮಧ್ಯಾಹ್ನದ ಅನ್ನ ಬಳಸಿದ್ದರೆ ಪೇಪರ್ ನಿಮ್ಮನ್ನು ಕಾಪಾಡಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಯಾರು ದೂರ ಇರಬೇಕು? ಮೊದಲು ಗರ್ಭಿಣಿಯರ ವಿಷಯ. ಅವರಿಗೆ ತಂಗಳನ್ನ ತಿನ್ನಿಸೋದು ರಕ್ತ ಹೆಚ್ಚಲಿ ಅಂತ. ಅದರ ಹಿಂದೆ ಇರೋದು ಎಲ್ಲ ಫಾರ್ವರ್ಡ್‌ಗಳಲ್ಲಿ ತಿರುಗುವ ಒಂದು ಲೆಕ್ಕ: 100 ಗ್ರಾಂ ಅನ್ನದಲ್ಲಿ 3.4 ಮಿಲಿಗ್ರಾಂ ಇದ್ದ ಕಬ್ಬಿಣ 12 ಗಂಟೆ ನೆನೆಸಿದರೆ 73.91 ಮಿಲಿಗ್ರಾಂ ಆಗುತ್ತಂತೆ. ಸ್ವಲ್ಪ ಯೋಚಿಸಿ. ಕಬ್ಬಿಣ ಮೂಲವಸ್ತು, ಬ್ಯಾಕ್ಟೀರಿಯಾ ಅದನ್ನು ತಯಾರಿಸೋಕೆ ಆಗಲ್ಲ. ಪಾತ್ರೆಯೊಳಗೆ ಎಷ್ಟಿತ್ತೋ ಅಷ್ಟೇ ಇರುತ್ತೆ, ಕಬ್ಬಿಣದ ಪಾತ್ರೆಯಿಂದಲೋ ನೀರಿನಿಂದಲೋ ಬಂದರೆ ಮಾತ್ರ ಹೆಚ್ಚಬೇಕು. ಪಾಲಿಶ್ ಮಾಡಿದ ಸೋನಾ ಮಸೂರಿಯಂಥ ಅಕ್ಕಿಯಲ್ಲಿ 100 ಗ್ರಾಂಗೆ ಕಬ್ಬಿಣ ಒಂದು ಮಿಲಿಗ್ರಾಂಗೂ ಕಡಿಮೆ, ಬೆಂದು ನೀರು ಕುಡಿದ ಮೇಲೆ ಅದೇ ತೂಕದ ಅನ್ನದಲ್ಲಿ ಇನ್ನೂ ಕಡಿಮೆ. ಹೆಂಗಸರಿಗೆ ದಿನಕ್ಕೆ ಬೇಕಾದ್ದು 29 ಮಿಲಿಗ್ರಾಂ ಅಂತ ಐಸಿಎಂಆರ್ 2020ರಲ್ಲಿ ಹೇಳಿದೆ. ಹುದುಗುವಾಗ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಸ್ವಲ್ಪ ಒಡೆದು, ಇರುವ ಕಬ್ಬಿಣ ಮೈಗೆ ಹತ್ತೋದು ಸುಲಭ ಆಗಬಹುದು, ಅದು ನಿಜ. ಆದರೆ ಇರುವುದೇ ಅಷ್ಟು. ಇದನ್ನು ನಂಬಿ ಅಂಗನವಾಡಿಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ಬಿಟ್ಟರೆ ಹಿಮೋಗ್ಲೋಬಿನ್ ಇನ್ನಷ್ಟು ಇಳಿಯುತ್ತೆ ಅಷ್ಟೇ. ಲಾಭ ಇಷ್ಟು ಸಣ್ಣದಿರುವಾಗ ಗರ್ಭಿಣಿ ವಾಂತಿ ಭೇದಿಯಾಗಿ ಮೈಯ ನೀರು ಕಳೆದುಕೊಳ್ಳುವ ಅಪಾಯ ತಗೊಳ್ಳಬೇಕಾ? ನನ್ನ ಪ್ರಕಾರ ಬೇಡ. ಆ ಒಂಬತ್ತು ತಿಂಗಳು ಹೊಸ ಮೊಸರನ್ನ ತಿನ್ನಲಿ.

ಎರಡನೆಯವರು ರೋಗ ತಡೆಯುವ ಶಕ್ತಿ ಕುಗ್ಗಿದವರು. ಕಿದ್ವಾಯಿ ಆಸ್ಪತ್ರೆಗೆ ಕೀಮೋಗೆ ಅಂತ ಊರಿಂದ ಬಂದು ಇಲ್ಲೇ ಎಲ್ಲೋ ಉಳಿದುಕೊಂಡು, ರಾತ್ರಿ ಉಳಿದ ಅನ್ನ ಬೆಳಗ್ಗೆ ತಿನ್ನುವ ಕುಟುಂಬಗಳನ್ನು ನೆನೆಸಿಕೊಂಡು ಬರೀತಿದೀನಿ. ಕೀಮೋ ಆದ ಸುಮಾರು ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ತೀರ ಇಳಿದಿರುತ್ತೆ. ಆಗ ಬೇರೆಯವರ ಹೊಟ್ಟೆಗೆ ಏನೂ ಮಾಡದ ಬ್ಯಾಕ್ಟೀರಿಯಾ ಕೂಡ ರಕ್ತಕ್ಕೆ ಇಳಿಯಬಹುದು. "ಒಳ್ಳೇ ಬ್ಯಾಕ್ಟೀರಿಯಾ" ಅನ್ನೋದು ಕಾವಲು ಇರುವ ಮನೆಗೆ ಹೇಳುವ ಮಾತು. ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡು, ಆ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್ ಮಾತ್ರೆ ತಗೊಳ್ಳುವವರು, ತುಂಬ ದಿನದಿಂದ ಜಾಸ್ತಿ ಡೋಸ್ ಸ್ಟೀರಾಯ್ಡ್ ನುಂಗುತ್ತಿರುವವರು ಕೂಡ ಇದೇ ಸಾಲಿಗೆ. ಇವರಿಗೆ ಹುಳಿ ಚೆನ್ನಾಗಿ ಬಂದಿದೆಯಾ ಅಂತ ನೋಡುವ ಪ್ರಶ್ನೆಯೇ ಇಲ್ಲ, ಬೇಡ ಅಷ್ಟೇ. ಒಂದು ವರ್ಷ ತುಂಬದ ಮಕ್ಕಳಿಗೆ, ಸುಸ್ತಾಗಿ ಹಾಸಿಗೆ ಹಿಡಿದ ವಯಸ್ಸಾದವರಿಗೂ ಬೇಡ. ಅವರಿಗೆ ನಾಲ್ಕು ವಾಂತಿ ಆದರೂ ಆಸ್ಪತ್ರೆಯೇ ಗತಿ.

ಮೂರನೆಯವರನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ನುಂಗುವವರು. ಬೆಂಗಳೂರಿನಲ್ಲಿ ಇದು ಎಷ್ಟು ಮನೆಯಲ್ಲಿದೆ ಅಂತ ನಿಮಗೇ ಗೊತ್ತು, ಡಾಕ್ಟರು ಎರಡು ವಾರಕ್ಕೆ ಬರೆದದ್ದು ಎರಡು ವರ್ಷ ನಡೆಯುತ್ತಿರುತ್ತೆ. ಹೊಟ್ಟೆಯ ಆಸಿಡ್ ಸುಮ್ನೆ ಇರೋದಲ್ಲ, ತಿಂದದ್ದರ ಜೊತೆ ಬಂದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಮೊದಲ ಬಾಗಿಲು ಅದು. ಮಾತ್ರೆ ಅದನ್ನು ಅರ್ಧ ತೆರೆದಿಡುತ್ತೆ. ಇಂಥವರಿಗೆ ಕರುಳಿನ ಸೋಂಕು ಬರುವುದು ಜಾಸ್ತಿ ಅಂತ ವೈದ್ಯರಿಗೆ ಗೊತ್ತಿರುವ ವಿಷಯ. ಉರಿ ತಣ್ಣಗಾಗಲಿ ಅಂತ ಮಾತ್ರೆಯ ಹಿಂದೆಯೇ ತಂಗಳನ್ನ ತಿನ್ನುವವರು ಒಮ್ಮೆ ಯೋಚಿಸಿ. ಎಷ್ಟೋ ಜನಕ್ಕೆ ಅದರ ಹುಳಿಯಿಂದಲೇ ಎದೆಯುರಿ ಹೆಚ್ಚೋದೂ ಉಂಟು.

ಕಿಡ್ನಿ ಮತ್ತು ಹಾರ್ಟ್ ಫೇಲ್ಯೂರ್ ರೋಗಿಗಳಿಗೆ ಬ್ಯಾಕ್ಟೀರಿಯಾಗಿಂತ ಹೆಚ್ಚು ತೊಂದರೆ ಕೊಡೋದು ಪಕ್ಕದ ತಟ್ಟೆ. ತಂಗಳನ್ನ ಸಪ್ಪೆ, ಅದಕ್ಕೇ ಉಪ್ಪು, ಉಪ್ಪಿನಕಾಯಿ, ಬಾಳಕ, ಹಪ್ಪಳ ಎಲ್ಲ ಬರುತ್ತೆ. ಇಡೀ ದಿನಕ್ಕೆ 5 ಗ್ರಾಂ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನಲ್ಲಿ ದೊಡ್ಡ ಪಾಲು ಬೆಳಗ್ಗೆಯೇ ಮುಗಿದಿರುತ್ತೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಆ ತಿಳಿ ನೀರನ್ನೂ ಕುಡಿದ ನೀರಿನ ಲೆಕ್ಕಕ್ಕೆ ಸೇರಿಸಬೇಕು, ಒಂದು ದೊಡ್ಡ ಬಟ್ಟಲಲ್ಲಿ ಲೋಟಕ್ಕಿಂತ ಜಾಸ್ತಿಯೇ ಇರುತ್ತೆ.

ಶುಗರ್ ಇರುವವರಿಗೆ ಪೂರ್ತಿ ಬೇಡ ಅಂತ ನಾನು ಹೇಳಲ್ಲ. ಆರಿದ ಅನ್ನದಲ್ಲಿ ಪಿಷ್ಟದ ಸ್ವಲ್ಪ ಭಾಗ ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತೆ, ಹುಳಿಯೂ ಸಕ್ಕರೆ ಏರುವ ವೇಗ ಕೊಂಚ ತಗ್ಗಿಸುತ್ತೆ. ಆದರೆ ಅದು ಅನ್ನವೇ. ತಣ್ಣಗೆ, ನೀರಾಗಿ, ಅಗಿಯದೆ ಇಳಿದುಹೋಗುವುದರಿಂದ ಎರಡು ಬಟ್ಟಲು ತಿಂದದ್ದು ಗೊತ್ತೇ ಆಗಲ್ಲ. ಒಂದು ಸಣ್ಣ ಬಟ್ಟಲು ತಿಂದು ಎರಡು ಗಂಟೆ ಬಿಟ್ಟು ಮನೆಯ ಗ್ಲೂಕೋಮೀಟರ್‌ನಲ್ಲಿ ನೋಡಿದರೆ ನಿಮ್ಮ ಉತ್ತರ ಸಿಗುತ್ತೆ. ಇನ್ನು ಕರುಳಿನ ಉರಿಯೂತಕ್ಕೆ ಪಳೈಯ ಸೋರು ಉಪಯೋಗಕ್ಕೆ ಬರುತ್ತಾ ಅಂತ ಚೆನ್ನೈನ ಸರ್ಕಾರಿ ಸ್ಟ್ಯಾನ್ಲಿ ಆಸ್ಪತ್ರೆ ಸಂಶೋಧನೆ ಕೈಗೆತ್ತಿಕೊಂಡಿದೆ, ತಮಿಳುನಾಡು ಸರ್ಕಾರ ಅದಕ್ಕೆ ಹಣವನ್ನೂ ಕೊಟ್ಟಿದೆ. ಅದು ವೈದ್ಯರ ಕಣ್ಣೆದುರು, ಹದವಾಗಿ ಮಾಡಿದ ಅನ್ನದಿಂದ ನಡೆಯುವ ಕೆಲಸ. ಇಲ್ಲಿ ಕುಳಿತು ಸುದ್ದಿ ಓದಿ ಕೊಲೈಟಿಸ್ ಮಾತ್ರೆ ನಿಲ್ಲಿಸಬೇಡಿ.

ತಿಂದ ಮೇಲೆ ಏನಾದರೂ ಆದರೆ ಸಮಯ ನೋಡಿಕೊಳ್ಳಿ. ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಜೋರು ವಾಂತಿ ಬಂದರೆ ಅನ್ನದಲ್ಲಿ ಮೊದಲೇ ಇದ್ದ ವಿಷದ ಅನುಮಾನ. ಎಂಟರಿಂದ ಹದಿನಾರು ಗಂಟೆ ಕಳೆದು ಹೊಟ್ಟೆ ಹಿಂಡಿ ಭೇದಿಯಾದರೆ ಅದೇ ಬ್ಯಾಸಿಲಸ್ ಕರುಳಿಗೆ ಹೋಗಿ ಮಾಡಿದ ಕೆಲಸ ಇರಬಹುದು. ಎರಡೂ ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತವೆ, ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಕರಗಿಸಿ ಗುಟುಕು ಗುಟುಕಾಗಿ ಕುಡಿಯುತ್ತಾ ಇದ್ದರೆ ಸಾಕು. ಕುಡಿದದ್ದೂ ನಿಲ್ಲದಿದ್ದರೆ, ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ ಕಾಯಬೇಡಿ. ಸೆರ್ಯುಲೈಡ್ ತೀರ ಅಪರೂಪಕ್ಕೆ ಲಿವರ್ ಕೆಡಿಸುತ್ತೆ, ಹಾಗೆ ಸಾವುಗಳೂ ಆಗಿವೆ. ವಾಂತಿ ನಿಂತ ಮೇಲೂ ಮಂಪರು ಹೋಗದಿದ್ದರೆ, ಕಣ್ಣು ಹಳದಿಯಾದರೆ, ಮಗು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಹತ್ತಿರದ ಕ್ಲಿನಿಕ್ ಬಿಟ್ಟು ನೇರ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.